ಹಳೆ ಕಾರಿನ 17 ಅಕ್ಷರಗಳ ಜಾತಕ

ಅಮೆರಿಕದಲ್ಲಿ ಹಳೆ ಕಾರು ಕೊಳ್ಳುವವರು ಮೊದಲು ನೋಡಬೇಕಾದದ್ದು ಮುಂಭಾಗದ ಗಾಜಿನ ಚಾಲಕನ ಬದಿಯ ಕೆಳಮೂಲೆಯಲ್ಲಿ ಹೊರಗಿನಿಂದಲೇ ಕಾಣುವ 17 ಅಕ್ಷರ-ಅಂಕಿಗಳ ಪಟ್ಟಿಯನ್ನು. ಅದೇ ವಿಐಎನ್. 1, 0 ಜೊತೆ ಗೊಂದಲವಾಗದಿರಲೆಂದು ಅದರಲ್ಲಿ I, O, Q ಬಳಸುವುದಿಲ್ಲ.

ಮಾದರಿಯಾಗಿ ಹಲವೆಡೆ ಬಳಕೆಯಲ್ಲಿರುವ ಒಂದು ಸಂಖ್ಯೆಯನ್ನೇ ಬಿಡಿಸೋಣ:

```
1HGCM82633A004352
```

ಮೊದಲ ಮೂರು, 1HG, ಅಮೆರಿಕದಲ್ಲಿ ತಯಾರಾದ ಹೊಂಡಾ. ನಾಲ್ಕರಿಂದ ಎಂಟರವರೆಗಿನ CM826 ಇದು ಅಕಾರ್ಡ್, ಎರಡು ಬಾಗಿಲಿನ ಕೂಪೆ, ಆರು ಸಿಲಿಂಡರಿನ EX-V6 ಎನ್ನುತ್ತದೆ. ಹತ್ತನೆಯದು ಮಾದರಿ ವರ್ಷ: 3 ಎಂದರೆ 2003. ಈ ಗುರುತುಗಳು 30 ವರ್ಷಕ್ಕೊಮ್ಮೆ ಮರುಕಳಿಸುತ್ತವೆ. A ಎಂದರೆ 1980 ಅಥವಾ 2010. ಕಾರುಗಳಲ್ಲಿ ಏಳನೆಯ ಸ್ಥಾನದಲ್ಲಿ ಅಂಕಿಯಿದ್ದರೆ 2010ಕ್ಕಿಂತ ಹಿಂದಿನದು, ಅಕ್ಷರವಿದ್ದರೆ ಆ ವರ್ಷದಿಂದ ಈಚಿನದು. ಹನ್ನೊಂದನೆಯ A ಓಹಿಯೊದ ಮೇರಿಸ್‌ವಿಲ್ ಕಾರ್ಖಾನೆ. ಉಳಿದದ್ದು ಕ್ರಮಸಂಖ್ಯೆ.

ಒಂಬತ್ತನೆಯದು ಕಾವಲುಗಾರ. ಪ್ರತಿ ಅಕ್ಷರಕ್ಕೂ ನಿಗದಿಯಾದ ಬೆಲೆಯನ್ನು ಆಯಾ ಸ್ಥಾನದ ತೂಕದಿಂದ ಗುಣಿಸಿ ಕೂಡಿದರೆ ಇಲ್ಲಿ 311. ಅದನ್ನು 11ರಿಂದ ಭಾಗಿಸಿದರೆ ಶೇಷ 3. ಒಂಬತ್ತನೆಯ ಅಂಕಿಯೂ 3. ಶೇಷ 10 ಬಂದರೆ X ಬರೆಯುತ್ತಾರೆ. ಒಂದು ಅಕ್ಷರ ತಪ್ಪಿದರೂ ಸಾಮಾನ್ಯವಾಗಿ ಲೆಕ್ಕ ಕೂಡುವುದಿಲ್ಲ. ಆದರೆ ಬೇರೆ ಕಾರಿನ ನಿಜ ಸಂಖ್ಯೆಯನ್ನೇ ಕದ್ದು ಅಂಟಿಸಿದ್ದರೆ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಬಾಗಿಲ ಚೌಕಟ್ಟಿನ ಚೀಟಿ ಮತ್ತು ಮಾಲೀಕತ್ವದ ಪತ್ರದೊಂದಿಗೂ ಹೋಲಿಸಿ ನೋಡಬೇಕು. ಕಾರು ತಯಾರಾದ ತಿಂಗಳೂ ಆ ಚೀಟಿಯಲ್ಲೇ ಇರುತ್ತದೆ. 2002ರ ಕೊನೆಯಲ್ಲಿ ತಯಾರಾದ ಕಾರು 2003ರ ಮಾದರಿಯಾಗಿರುವುದು ಸಹಜ.

ಭಾರತದ ಚಾಸಿ ನಂಬರಿಗೂ 17 ಸ್ಥಾನಗಳೇ. ಆದರೆ ಇಲ್ಲಿ ಒಂಬತ್ತನೆಯ ಅಂಕಿಯ ಈ ಲೆಕ್ಕ ಕಡ್ಡಾಯವಲ್ಲ. ತಯಾರಿಕೆಯ ತಿಂಗಳು, ವರ್ಷವನ್ನು ಆರ್‌ಸಿಯಲ್ಲೇ ನೋಡಿಕೊಳ್ಳಬೇಕು.