ಬಳಸುದಾರಿಯ ಲ್ಯಾಗ್: ಒಂದು ವಿಳಾಸ, ಹಲವು ಮನೆ

ಶಿವಮೊಗ್ಗದಲ್ಲಿ ಒಬ್ಬ ಆಡಿಟರ್ ಕಚೇರಿ ಇದೆ ಎಂದಿಟ್ಟುಕೊಳ್ಳೋಣ. 100 ಎಂಬಿಪಿಎಸ್ ಫೈಬರ್ ಲೈನು. ಸ್ಪೀಡ್ ಟೆಸ್ಟ್ ಮಾಡಿದರೆ ಅಷ್ಟೂ ಬರುತ್ತದೆ, ಯೂಟ್ಯೂಬ್ ಎಲ್ಲೂ ನಿಲ್ಲುವುದಿಲ್ಲ. ಆದರೆ ಆಡಿಟರು ಬೆಂಗಳೂರಿನ ಮನೆಯಲ್ಲಿ ಕೂತು ಕಚೇರಿಯ ಕಂಪ್ಯೂಟರಿನಲ್ಲಿರುವ ಟ್ಯಾಲಿ ತೆರೆದರೆ, ಒತ್ತಿದ ಅಕ್ಷರ ತಡವಾಗಿ ಮೂಡುತ್ತದೆ, ಮೌಸ್ ಎಳೆದಲ್ಲಿಗೆ ಬಾಣ ಬರುವುದಿಲ್ಲ. ಕೇಬಲ್ಲಿನ ಹುಡುಗ ಬಂದು ಲೈನು ನೋಡಿ 'ಎಲ್ಲ ಸರಿ ಇದೆ ಸಾರ್' ಎಂದು ಹೋಗುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ತೊಂದರೆ ಇರುವುದು ಲೈನಿನಲ್ಲಲ್ಲ, ಆ ಲೈನಿಗೆ ಸ್ವಂತ ವಿಳಾಸ ಇಲ್ಲದಿರುವುದರಲ್ಲಿ.

ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು, ಅಂದರೆ ಐಪಿವಿ4 ವಿಳಾಸಗಳು, ಇರುವುದೇ ಸುಮಾರು 429 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಹಂಚಿಹೋಯಿತು. ನಮ್ಮ ಏಷ್ಯಾ-ಪೆಸಿಫಿಕ್ ಭಾಗದ ಪಾಲು ಅದೇ ಏಪ್ರಿಲ್ ಹೊತ್ತಿಗೆ ಕೊನೆಯ ಮೀಸಲಿಗೆ ಇಳಿಯಿತು. ಆಮೇಲೆ ಬೆಳೆದ ಬ್ರಾಡ್‌ಬ್ಯಾಂಡ್ ಕಂಪನಿಗಳಿಗೆ ಮನೆಗೊಂದು ವಿಳಾಸ ಕೊಡುವುದು ಆಗದ ಮಾತು. ಹಾಗಾಗಿ ಅವು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚತೊಡಗಿದವು. ಇದಕ್ಕೆ ಸಿಜಿ-ನ್ಯಾಟ್ ಎಂದು ಹೆಸರು. ಒಂದೇ ಡೋರ್ ನಂಬರಿನ ವಠಾರದ ಹಾಗೆ: ಹೊರಗಿನವರಿಗೆ ಕಾಣುವುದು ವಠಾರದ ಬಾಗಿಲು ಮಾತ್ರ, ಒಳಗೆ ಯಾರ ಮನೆ ಯಾವುದು ಎಂಬುದು ಬಾಗಿಲಲ್ಲಿ ಕೂತವನ ಪುಸ್ತಕದಲ್ಲಿ ಇರುತ್ತದೆ.

ಆ ಪುಸ್ತಕ ಕಂಪನಿಯ ಡೇಟಾ ಸೆಂಟರಿನ ಒಂದು ದೊಡ್ಡ ಯಂತ್ರದಲ್ಲಿದೆ. ನಿಮ್ಮ ಮನೆಯಿಂದ ಒಂದು ಪ್ಯಾಕೆಟ್ ಹೊರಟಾಗ ಯಂತ್ರ ಅದಕ್ಕೆ ಸಾರ್ವಜನಿಕ ವಿಳಾಸವನ್ನೂ ಒಂದು ಪೋರ್ಟ್ ಸಂಖ್ಯೆಯನ್ನೂ ಕೊಟ್ಟು ಒಂದು ಸಾಲು ಬರೆದುಕೊಳ್ಳುತ್ತದೆ. ಉತ್ತರ ಬಂದಾಗ ಆ ಸಾಲು ನೋಡಿ ನಿಮ್ಮ ಮನೆಗೆ ತಲುಪಿಸುತ್ತದೆ. ಒಂದು ವಿಳಾಸಕ್ಕೆ 65,536 ಪೋರ್ಟ್. ಮೊದಲ 1,024 ಬಿಟ್ಟು ಉಳಿದದ್ದನ್ನು ಮನೆಗೆ 1,024ರಂತೆ ಹಂಚಿದರೆ ಒಂದು ವಿಳಾಸದಲ್ಲಿ 63 ಮನೆ ಹಿಡಿಸುತ್ತವೆ.

ಈ ಬರೆದುಕೊಳ್ಳುವ ಕೆಲಸಕ್ಕೇ ಹೊತ್ತು ಹಿಡಿಯುತ್ತದೆ, ಲ್ಯಾಗ್ ಬರುವುದು ಅದರಿಂದ ಎಂದು ಅನೇಕರ ನಂಬಿಕೆ. ಅದು ಸರಿಯಲ್ಲ. ಸರಿಯಾಗಿ ನಡೆಯುವ ಯಂತ್ರ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಅದನ್ನು ಮುಗಿಸುತ್ತದೆ. ಲ್ಯಾಗ್ ಬರುವುದು ಪ್ಯಾಕೆಟ್ ಹಿಡಿಯುವ ಬಳಸುದಾರಿಯಿಂದ.

ಮೊದಲನೆಯ ಬಳಸು, ಆ ಯಂತ್ರ ಇರುವ ಊರು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾಗಿ ದಾರಿ 100 ಕಿಲೋಮೀಟರ್ ಹೆಚ್ಚಾದರೆ ಹೋಗಿ ಬರುವ ಹೊತ್ತಿಗೆ 1 ಮಿಲಿಸೆಕೆಂಡ್ ಸೇರುತ್ತದೆ. ಶಿವಮೊಗ್ಗದ ಹುಡುಗ ಆಡುವ ಆಟದ ಸರ್ವರ್ ಮುಂಬೈಯಲ್ಲಿದೆ, ಕಂಪನಿಯ ಯಂತ್ರ ಚೆನ್ನೈಯಲ್ಲಿದೆ ಎಂದುಕೊಳ್ಳಿ. ಪ್ಯಾಕೆಟ್ ಮೊದಲು ಪೂರ್ವಕ್ಕೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಬೇಕು. ಸುಮಾರು 1,200 ಕಿಲೋಮೀಟರ್ ಸುಮ್ಮನೆ ಸುತ್ತು, ಪಿಂಗ್‌ನಲ್ಲಿ 12 ಮಿಲಿಸೆಕೆಂಡ್ ಹೆಚ್ಚು. ಸಂಜೆ ಎಲ್ಲರೂ ಒಟ್ಟಿಗೆ ನೆಟ್‌ಗೆ ಬಂದಾಗ ಯಂತ್ರದ ಮುಂದೆ ಸಾಲು ನಿಂತರೆ ಪಿಂಗ್ ಏರಿಳಿಯುತ್ತದೆ. ಆಟಗಾರನನ್ನು ಕೆಡಿಸುವುದು ಒಂದೇ ಸಮ ಇರುವ 40ಕ್ಕಿಂತ 30ಕ್ಕೂ 90ಕ್ಕೂ ನಡುವೆ ಕುಣಿಯುವ ಪಿಂಗ್.

ಎರಡನೆಯ ಬಳಸು ಇದಕ್ಕಿಂತ ದೊಡ್ಡದು. ಪುಸ್ತಕದಲ್ಲಿ ಸಾಲು ಬರುವುದು ಒಳಗಿನವರು ಮೊದಲು ಹೊರಗೆ ಮಾತಾಡಿದಾಗ ಮಾತ್ರ. ಹೊರಗಿನಿಂದ ತಾನಾಗಿ ಬಂದ ಪ್ಯಾಕೆಟ್ಟಿಗೆ ಸಾಲಿಲ್ಲ, ಯಂತ್ರ ಅದನ್ನು ಅಲ್ಲೇ ಬಿಸಾಡುತ್ತದೆ. ಯೂಟ್ಯೂಬಿಗೆ ಇದರಿಂದ ತೊಂದರೆಯಿಲ್ಲ, ಅಲ್ಲಿ ಮೊದಲು ಕೇಳುವವರು ನೀವೇ. ಆದರೆ ಆಡಿಟರು ಬೆಂಗಳೂರಿನಿಂದ ಕಚೇರಿಯನ್ನು ಕರೆಯಬೇಕು, ಆ ಕರೆ ಒಳಗೆ ಬರುವುದೇ ಇಲ್ಲ.

ಇದಕ್ಕೆ ತಂತ್ರಜ್ಞರು ಕಂಡುಕೊಂಡ ಉಪಾಯವೊಂದಿದೆ. ಎರಡೂ ಕಂಪ್ಯೂಟರುಗಳು ನಡುವಿನ ಒಂದು ಸರ್ವರನ್ನು ಕೇಳಿ ತಮ್ಮ ಹೊರಗಿನ ವಿಳಾಸ, ಪೋರ್ಟ್ ತಿಳಿದುಕೊಳ್ಳುತ್ತವೆ, ಆಮೇಲೆ ಒಂದೇ ಹೊತ್ತಿಗೆ ಪರಸ್ಪರ ಪ್ಯಾಕೆಟ್ ಕಳಿಸುತ್ತವೆ. ಎರಡೂ ಕಡೆ ಸಾಲು ಮೂಡಿ ನೇರ ದಾರಿ ತೆರೆದುಕೊಳ್ಳುತ್ತದೆ. ಆದರೆ ಕೆಲವು ಕಂಪನಿಗಳ ಯಂತ್ರಗಳು ಪ್ರತಿ ಗಮ್ಯಕ್ಕೂ ಬೇರೆ ಪೋರ್ಟ್ ಕೊಡುತ್ತವೆ. ನಡುವಿನ ಸರ್ವರ್ ಕಂಡ ಪೋರ್ಟ್ ಬೇರೆ, ಗೆಳೆಯನಿಗೆ ತೆರೆದ ಪೋರ್ಟ್ ಬೇರೆ. ಎರಡೂ ತುದಿಯಲ್ಲಿ ಹೀಗಾದರೆ ಉಪಾಯ ಕೆಡುತ್ತದೆ. ಆಗ ಉಳಿಯುವುದು ರಿಲೇ: ಎಲ್ಲ ಮಾತೂ ಮೂರನೆಯ ಸರ್ವರಿನ ಮೂಲಕ.

ಆ ರಿಲೇ ಸಿಂಗಾಪುರದಲ್ಲಿದ್ದರೆ ಲೆಕ್ಕ ಹೀಗಾಗುತ್ತದೆ. ಶಿವಮೊಗ್ಗ–ಬೆಂಗಳೂರು ನೇರ ದಾರಿ ಸುಮಾರು 300 ಕಿಲೋಮೀಟರ್, ಹೋಗಿ ಬರಲು ಬೆಳಕಿಗೆ 3 ಮಿಲಿಸೆಕೆಂಡ್. ಸಿಂಗಾಪುರ ಬಳಸಿದರೆ ಒಂದು ಕಡೆಗೇ ಸುಮಾರು 6,500 ಕಿಲೋಮೀಟರ್, ಹೋಗಿ ಬರಲು 65 ಮಿಲಿಸೆಕೆಂಡ್. ಸಮುದ್ರದ ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವೆ ರೌಟರುಗಳೂ ಇವೆ, ಹಾಗಾಗಿ ನಿಜದಲ್ಲಿ ಇನ್ನೂ ಹೆಚ್ಚು. ರಿಮೋಟ್ ಕೆಲಸದಲ್ಲಿ ಪ್ರತಿ ಕ್ಲಿಕ್ಕೂ ಈ ಸುತ್ತು ಹಾಕಿ ಬರಬೇಕು. ಅದಕ್ಕೇ 100 ಎಂಬಿಪಿಎಸ್ ಇದ್ದೂ ಟ್ಯಾಲಿ ತೆವಳುತ್ತದೆ.

ಆಟಗಳಲ್ಲೂ ಇದೇ ಭೇದ. ವ್ಯಾಲರಂಟ್‌ನಂತೆ ಮುಂಬೈ ಸರ್ವರಿನಲ್ಲಿ ನಡೆಯುವ ಆಟಕ್ಕೆ ಮೊದಲನೆಯ ಬಳಸು ಮಾತ್ರ ತಾಗುತ್ತದೆ. ಜಿಟಿಎ ಆನ್‌ಲೈನ್‌ನಂತೆ ಆಟಗಾರರ ಯಂತ್ರಗಳೇ ಪರಸ್ಪರ ಮಾತಾಡುವಲ್ಲಿ, ಮನೆಯಲ್ಲೇ ಮೈನ್‌ಕ್ರಾಫ್ಟ್ ಲೋಕ ನಡೆಸುವಲ್ಲಿ ಎರಡನೆಯದೂ ತಾಗುತ್ತದೆ. ಎಕ್ಸ್‌ಬಾಕ್ಸ್ 'ಸ್ಟ್ರಿಕ್ಟ್' ಎಂದೋ ಪ್ಲೇಸ್ಟೇಷನ್ 'ಟೈಪ್ 3' ಎಂದೋ ತೋರಿಸಿದರೆ ಹೊಂದುವ ಆಟಗಾರರೇ ಕಡಿಮೆಯಾಗುತ್ತಾರೆ, ದೂರದವರ ಜೊತೆ ಆಡಬೇಕಾಗಿ ಪಿಂಗ್ ಮತ್ತೂ ಏರುತ್ತದೆ.

ನಿಮ್ಮ ಲೈನು ಹಂಚಿಕೆಯದೇ ಎಂದು ತಿಳಿಯುವುದು ಸುಲಭ. ರೌಟರಿನ ಪುಟದಲ್ಲಿ `WAN IP` ಎಂದಿರುವುದನ್ನು ಬರೆದುಕೊಳ್ಳಿ. ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣದ ಸಂಖ್ಯೆಯೊಂದಿಗೆ ಹೋಲಿಸಿ. ಎರಡೂ ಒಂದೇ ಆದರೆ ವಿಳಾಸ ನಿಮ್ಮದೇ. ರೌಟರಿನದು 100.64ರಿಂದ 100.127ರ ಒಳಗೆ ಶುರುವಾದರೆ ಅದು ಹಂಚಿಕೆಗೆಂದೇ 2012ರಲ್ಲಿ ಮೀಸಲಿಟ್ಟ ಗುಂಪು. ಕೆಲವು ಕಂಪನಿಗಳು 10ರಿಂದ ಶುರುವಾಗುವುದನ್ನೂ ಬಳಸುತ್ತವೆ. 192.168 ಕಂಡರೆ ಮಾತ್ರ ಅವಸರ ಬೇಡ. ಮನೆಯಲ್ಲೇ ಎರಡು ರೌಟರ್ ಒಂದರ ಹಿಂದೊಂದು ಇರಬಹುದು. ಕಂಪನಿ ಕೊಟ್ಟ ಪೆಟ್ಟಿಗೆಯ ಪುಟವನ್ನೂ ತೆರೆದು ನೋಡಿ.

ಹಂಚಿಕೆಯ ಲೈನಾದರೆ ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡುವುದು ವ್ಯರ್ಥ. ನೀವು ತೆರೆಯುವುದು ನಿಮ್ಮ ಬಾಗಿಲು, ಮುಚ್ಚಿರುವುದು ಕಂಪನಿಯದು. ಸರಿಯಾದ ಪರಿಹಾರ ಐಪಿವಿ6. ಅದರಲ್ಲಿ ವಿಳಾಸಕ್ಕೆ ಬರವಿಲ್ಲ, ಹಂಚುವ ಯಂತ್ರವೂ ಬೇಡ. ಆದರೆ ಎರಡೂ ತುದಿಯಲ್ಲಿ ಅದು ಇರಬೇಕು, ಬಳಸುವ ತಂತ್ರಾಂಶವೂ ಅದನ್ನು ಬಲ್ಲದಾಗಿರಬೇಕು. ಎರಡನೆಯದು, ಹೆಚ್ಚಿನ ಹಣ ಕೊಟ್ಟು ಸಾರ್ವಜನಿಕ ಐಪಿ ಪಡೆಯುವುದು. ಆಗಲೂ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ನೇರವಾಗಿ ತೆರೆಯಬೇಡಿ. ಅದನ್ನೇ ಹುಡುಕುತ್ತ ತಿರುಗುವ ದಾಳಿಕೋರರಿದ್ದಾರೆ, ವಿಪಿಎನ್ ಹಿಂದೆ ಇಡಿ. ಇವೆರಡೂ ಆಗದಿದ್ದರೆ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಒಂದು ಸಣ್ಣ ಬಾಡಿಗೆ ಸರ್ವರ್ ಹಿಡಿದು ಅದನ್ನೇ ರಿಲೇ ಮಾಡಿಕೊಳ್ಳಬಹುದು. ವೈರ್‌ಗಾರ್ಡ್ ಬಳಸುವವರು ಕಚೇರಿಯ ಕಡೆಯ ಸೆಟ್ಟಿಂಗಿನಲ್ಲಿ ಈ ಸಾಲು ಸೇರಿಸಬೇಕು:

```
PersistentKeepalive = 25
```

ಸುಮ್ಮನಿರುವ ಸಂಪರ್ಕದ ಸಾಲನ್ನು ಯಂತ್ರ ಅಳಿಸಿಬಿಡುತ್ತದೆ. 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಹೋದರೆ ಸಾಲು ಉಳಿಯುತ್ತದೆ.

ಹೊಸ ಸಂಪರ್ಕ ಹಾಕಿಸುವಾಗ ಎಂಬಿಪಿಎಸ್ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಐಪಿವಿ6 ಕೊಡುತ್ತೀರಾ, ಸಾರ್ವಜನಿಕ ಐಪಿಗೆ ತಿಂಗಳಿಗೆ ಎಷ್ಟು ಎಂದು ಹಣ ಕಟ್ಟುವ ಮೊದಲೇ ಕೇಳಿ.