ಬೋರಿನದು ಇಂಚಿನ ಲೆಕ್ಕ, ತೊಟ್ಟಿಯದು ದಿನದ ಲೆಕ್ಕ

ಕಳೆದ ಮಾರ್ಚ್‌ನಲ್ಲಿ ಪಕ್ಕದ ಮನೆಯ ಕಾಕಾನ ಬೋರ್‌ವೆಲ್ ಹತ್ತು ನಿಮಿಷ ನೀರು ಎತ್ತಿ ಗಾಳಿ ಉಗುಳತೊಡಗಿತು. ತಾಸು ಬಿಟ್ಟು ಮೋಟಾರ್ ಹಚ್ಚಿದರೆ ಮತ್ತೆ ಹತ್ತೇ ನಿಮಿಷ. ಅಂದು ಸಂಜೆ ಕಾಕಾ ನಮ್ಮ ಕಟ್ಟೆಗೆ ಬಂದು ಕುಳಿತ.

‘ಅಣ್ಣಾರ, ಇಬ್ಬರೂ ಕೂಡಿ ಹೊಸಾ ಬೋರ್ ಹೊಡಸೂಣ್ರಿ. ಐನೂರು ಅಡಿ ಹೋದರ ಎರಡು ಇಂಚು ನೀರು ಬೀಳತೈತಿ ಅಂತಾರ.’

‘ಬೀಳಲಿಲ್ಲ ಅಂದ್ರ ಏನ ಮಾಡ್ತಿಯಪಾ?’ ಎಂದ ಅಪ್ಪ. ‘ಅದರ ಬದಲಿ ಮಳಿ ನೀರಿಗೆ ತೊಟ್ಟಿ ಕಟ್ಟಸೂಣು.’

ಕಾಕಾ ನಕ್ಕ. ‘ಪುರ್ತಗೇರ್‍ಯಾಗ ಮಳೀನ ಎಷ್ಟು ಬೀಳತೈತ್ರಿ, ತೊಟ್ಟಿ ತುಂಬಾಕ?’

ಬಿ.ಇ. ಓದುತ್ತಿರುವ ನನ್ನ ಕಡೆ ಇಬ್ಬರೂ ತಿರುಗಿದರು. ನಾನು ಮೊದಲು ಕೇಳಿದ್ದು, ‘ನೀರು ಯಾತಕ್ಕ ಬೇಕು ಕಾಕಾ?’ ಎಂದು. ಬಳಸಲು ನಲ್ಲಿ ನೀರು ಆಗಾಗ ಬರುತ್ತದೆ, ಹಳೆಯ ಬೋರಿನ ಹತ್ತು ನಿಮಿಷವೂ ಇದೆ. ಕೊರತೆ ಇದ್ದದ್ದು ಕುಡಿಯುವ ನೀರಿಗೆ. ಅಲ್ಲಿ ಇನ್ನೊಂದು ಚಿಂತೆಯೂ ಇತ್ತು. ಕಾಕಾನ ಮೊಮ್ಮಗನ ಹೊಸ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಮೂಡಿದ್ದವು.

ಗದಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಹೊರಗಿನಿಂದ ಬಂದ ಕೊಳೆಯಲ್ಲ. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನಿಂದಲೇ ಕರಗಿ ಸೇರುತ್ತದೆ. ಹಾಗಾಗಿ ಆಳಕ್ಕೆ ಹೋದರೆ ಒಳ್ಳೆಯ ನೀರು ಸಿಗುತ್ತದೆ ಎಂಬ ಭರವಸೆ ಇಲ್ಲ. ರುಚಿ, ಬಣ್ಣದಿಂದ ಅದು ಗೊತ್ತಾಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಪತ್ತೆಯಾಗುವುದು ಪರೀಕ್ಷೆಯಿಂದ ಮಾತ್ರ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಮರುದಿನ ತೊಳೆದ ಬಾಟಲಿಯಲ್ಲಿ ಹಳೆಯ ಬೋರಿನ ನೀರು ತುಂಬಿ ಪರೀಕ್ಷೆಗೆ ಕೊಟ್ಟೆ. ಬಂದ ಅಂಕಿ 2.6.

ಚೀಟಿ ನೋಡಿ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಲೆಕ್ಕಾ ಹಾಕಪಾ ತಮ್ಮಾ’ ಎಂದ.

ಕಾಕಾನದು ಮಣ್ಣಿನ ಮಾಳಿಗೆ. ಅದು ಮಳೆಯನ್ನು ಹೀರಿ, ಉಳಿದದ್ದನ್ನು ಕೆಸರು ಮಾಡಿ ಬಿಡುತ್ತದೆ. ನಮ್ಮದು 60 ಚದರ ಮೀಟರ್‌ನ ಆರ್‌ಸಿಸಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಭಾಗದ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಎಂದು ಹಿಡಿದು, ಆವಿ ಮತ್ತು ಸೋರಿಕೆಗೆ ಐದರಲ್ಲಿ ಒಂದು ಪಾಲು ಕಳೆದರೂ 28,800 ಲೀಟರ್ ಆಗುತ್ತದೆ.

ಎರಡೂ ಮನೆ ಸೇರಿ ಒಂಬತ್ತು ಜನ. ಕುಡಿಯಲು, ಅಡುಗೆಗೆ ತಲೆಗೆ 7 ಲೀಟರ್ ಎಂದರೆ ದಿನಕ್ಕೆ 63. ನವೆಂಬರ್ ಮಧ್ಯದಿಂದ ಮೇ ಕೊನೆಯವರೆಗೆ ಮಳೆ ನಂಬಲಾಗದ ದಿನಗಳು ಹತ್ತಿರ ಹತ್ತಿರ 200. ಅಷ್ಟು ದಿನಕ್ಕೆ 12,600 ಲೀಟರ್ ಬೇಕು. ಹತ್ತಡಿ ಉದ್ದ, ಏಳಡಿ ಅಗಲ, ಏಳಡಿ ಆಳದ ತೊಟ್ಟಿಯಲ್ಲಿ ಮೇಲೆ ಅರ್ಧ ಅಡಿ ಖಾಲಿ ಬಿಟ್ಟರೂ ಅಷ್ಟು ನೀರು ಹಿಡಿಯುತ್ತದೆ.

‘ಬರಗಾಲ ಬಿದ್ರ?’ ಕಾಕಾನ ಪ್ರಶ್ನೆ ಸರಿಯಾಗಿಯೇ ಇತ್ತು.

ಮಳೆ ಅರ್ಧಕ್ಕಿಳಿದರೆ ಸಿಗುವುದು 14,400 ಲೀಟರ್. ಮಳೆಗಾಲದ 165 ದಿನ ನಾವೇ ಕುಡಿದು ಸುಮಾರು 10,400 ಖರ್ಚು ಮಾಡಿದರೆ, ಬೇಸಿಗೆಗೆ ಉಳಿಯುವುದು ಎರಡು ತಿಂಗಳ ನೀರು ಮಾತ್ರ. ಅಂಥ ವರ್ಷ ಮಳೆಗಾಲದಲ್ಲೇ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿದು, ತೊಟ್ಟಿಯನ್ನು ಮುಟ್ಟದೆ ತುಂಬಿಸಿಕೊಳ್ಳಬೇಕು. ಇದನ್ನು ಮುಚ್ಚಿಡದೆ ಹೇಳಿದೆ.

‘ಬೋರಿಗೂ ಬರ ಬಿಡೂದಿಲ್ಲಲ್ಲ’ ಎಂದ ಅಪ್ಪ. ‘ತೊಟ್ಟಿ ಒಳಗ ಎಷ್ಟ ಉಳದೈತಿ ಅಂತ ಕೋಲ ಇಳಿಸಿ ನೋಡಬಹುದು. ಭೂಮಿ ಒಳಗ ಯಾರು ನೋಡ್ಯಾರ?’

ಬೋರಿಗೆ ಕೇಸಿಂಗ್, ಮೋಟಾರ್, ಪೈಪು ಸೇರಿ ಎರಡು ಲಕ್ಷ ದಾಟುತ್ತಿತ್ತು. ನೀರು ಬೀಳದಿದ್ದರೂ ಕೊರೆದಷ್ಟು ಅಡಿಯ ಹಣ ಕೊಡಲೇಬೇಕು. ತೊಟ್ಟಿಗೆ ಗೌಂಡಿ ಹೇಳಿದ್ದು ಒಂದೂಕಾಲು ಲಕ್ಷ. ಮಾಳಿಗೆ ನಮ್ಮದು, ಜಾಗ ಕಾಕಾನ ಹಿತ್ತಲಿನದು, ಖರ್ಚು ಅರ್ಧರ್ಧ ಎಂದಾಯಿತು.

ಮೇ ಕೊನೆಗೆ ಕೆಲಸ ಮುಗಿಯಿತು. ಮಾಳಿಗೆಯ ಪೈಪು ಜಲ್ಲಿ, ಮರಳು, ಇದ್ದಿಲಿನ ಸೋಸುಪೆಟ್ಟಿಗೆಗೆ ಸೇರುವ ಮುಂಚೆ ಒಂದು ವಾಲ್ವ್ ಇದೆ. ಒಣಗಿದ ಮಾಳಿಗೆಯ ಧೂಳು, ಹಕ್ಕಿ ಹಿಕ್ಕೆಯನ್ನು ತೊಳೆಯುವ ಮೊದಲ 2 ಮಿ.ಮೀ. ಮಳೆ, ಅಂದರೆ 120 ಲೀಟರ್, ಅದರಿಂದ ಹೊರಗೆ ಹೋಗಬೇಕು. ಬೆಳಕು ಬಿದ್ದರೆ ಪಾಚಿ ಕಟ್ಟುವುದರಿಂದ ಮುಚ್ಚಳ ಸದಾ ಮುಚ್ಚಿರಬೇಕು. ಮಳೆ ನೀರಿನಲ್ಲಿ ಫ್ಲೋರೈಡ್ ಚಿಂತೆ ಇಲ್ಲವಾದರೂ ರೋಗಾಣು ಸೇರಬಹುದು. ಆದ್ದರಿಂದ ಕುದಿಸಿಯೇ ಕುಡಿಯುತ್ತೇವೆ.

ಮೊಮ್ಮಗನ ಹಲ್ಲಿನ ಪಟ್ಟೆ ಇನ್ನು ಹೋಗುವುದಿಲ್ಲ. ಅವನ ತಂಗಿಗೆ ಈಗ ಎರಡು ವರ್ಷ, ಅವಳ ಶಾಶ್ವತ ಹಲ್ಲುಗಳು ಇನ್ನೂ ಒಸಡಿನೊಳಗೇ ಬೆಳೆಯುತ್ತಿವೆ. ಜೂನ್‌ನ ಮೊದಲ ದೊಡ್ಡ ಮಳೆಗೆ ತಲೆಯ ಮೇಲೆ ಗೋಣಿಚೀಲ ಹೊದ್ದು ಓಡಿಬಂದ ಕಾಕಾ, ವಾಲ್ವ್ ಹಿಡಿದು ನಿಂತು ಕೂಗಿದ: ‘ತಮ್ಮಾ, ನೀರು ತಿಳಿ ಆತು ನೋಡು. ತಿರವಲೇನು?’