ನಿಮಗಿದು ಗೊತ್ತೆ? ಒತ್ತಡ ಹೋದರೂ ಅಂಜಿಕೆ ಹೋಗದು!

ಸತತ ಒತ್ತಡ ಮಿದುಳಿನ ಒಂದು ಭಾಗವನ್ನು ಸೊರಗಿಸುತ್ತದೆ, ಇನ್ನೊಂದನ್ನು ಬೆಳೆಸುತ್ತದೆ! ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇದನ್ನು ಇಲಿಗಳಲ್ಲಿ ಕಂಡು 2002ರಲ್ಲಿ ಪ್ರಕಟಿಸಿತು. ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಅಲುಗಾಡದಂತೆ ಇರಿಸಲಾಯಿತು. ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಮೊಟಕಾದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಅವು ಇನ್ನಷ್ಟು ಹರಡಿದವು.

ಒತ್ತಡ ಬಂದಾಗ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಅಲ್ಲಿಂದ ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಹೋಗುತ್ತದೆ. ಆಗ ಮನುಷ್ಯರಲ್ಲಿ ಕಾರ್ಟಿಸಾಲ್, ಇಲಿಗಳಲ್ಲಿ ಕಾರ್ಟಿಕೊಸ್ಟೆರಾನ್ ರಕ್ತಕ್ಕೆ ಸೇರುತ್ತದೆ. 'ಇನ್ನು ಸಾಕು' ಎಂದು ಈ ಸರಣಿಗೆ ಬ್ರೇಕ್ ಹಾಕುವುದರಲ್ಲಿ ಹಿಪೊಕ್ಯಾಂಪಸ್‌ನ ಪಾಲೂ ಇದೆ. ಒತ್ತಡ ಬಹುಕಾಲ ಮುಂದುವರಿದರೆ ಸೊರಗುವುದು ಆ ಬ್ರೇಕೇ ಎಂಬುದು ಬೇಸರದ ಸಂಗತಿ.

ಅದೇ ತಂಡ 2004ರಲ್ಲಿ ಇನ್ನೊಂದು ಫಲಿತಾಂಶ ಪ್ರಕಟಿಸಿತು. ಒತ್ತಡದ ಬಳಿಕ ಇಲಿಗಳನ್ನು 21 ದಿನ ನೆಮ್ಮದಿಯಾಗಿ ಬಿಟ್ಟಾಗ ಹಿಪೊಕ್ಯಾಂಪಸ್‌ನ ಕವಲುಗಳು ಮತ್ತೆ ಬೆಳೆದವು. ಅಮಿಗ್ಡಲಾದಲ್ಲಿ ಹರಡಿದ್ದ ಕವಲುಗಳು ಮಾತ್ರ ಹಾಗೆಯೇ ಉಳಿದವು. ಇಲಿಗಳ ಅಂಜಿಕೆಯೂ ತಗ್ಗಲಿಲ್ಲ.